ಎರಡನ್ನು ಹದಿಮೂರು ಪಾಲು ಮಾಡುವ ಲೆಕ್ಕ

ಐದು ರೊಟ್ಟಿ ಇದೆ, ಎಂಟು ಜನ ಇದ್ದಾರೆ. ಒಬ್ಬೊಬ್ಬರಿಗೆ ಎಷ್ಟು? ಶಾಲೆಯಲ್ಲಿ ಕಲಿತವರು ತಕ್ಷಣ 5/8 ಅನ್ನುತ್ತಾರೆ. ಉತ್ತರ ಸರಿ. ಆದರೆ ಚಾಕು ಕೈಯಲ್ಲಿ ಹಿಡಿದವರಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಅದನ್ನೇ 1/2 + 1/8 ಎಂದು ಬರೆದು ನೋಡಿ. ನಾಲ್ಕು ರೊಟ್ಟಿಯನ್ನು ಅರ್ಧರ್ಧ ಮಾಡಿದರೆ ಎಂಟು ತುಂಡು. ಐದನೆಯದನ್ನು ಎಂಟು ಚೂರು ಮಾಡಿದರೆ ಮತ್ತೆ ಎಂಟು. ಎಲ್ಲರ ಕೈಗೂ ಒಂದು ಅರ್ಧ, ಒಂದು ಅರೆಕಾಲು. ಪಾಲು ಸಮ ಎನ್ನುವುದು ಕಣ್ಣಿಗೇ ಕಾಣುತ್ತದೆ.

ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಈಜಿಪ್ಟಿನ ಲೆಕ್ಕಿಗರು ಭಿನ್ನರಾಶಿಗಳನ್ನು ಹೀಗೆಯೇ ಬರೆಯುತ್ತಿದ್ದರು. ಮೇಲಿನ ಅಂಶ ಯಾವಾಗಲೂ 1. ಹೀಗಿರುವುದಕ್ಕೆ ಏಕಾಂಶ ಭಿನ್ನರಾಶಿ ಎನ್ನುತ್ತೇವೆ. ಅವರ ಚಿತ್ರಲಿಪಿಯಲ್ಲಿ ಸಂಖ್ಯೆಯ ಮೇಲೆ ಬಾಯಿಯ ಚಿತ್ರ ಬರೆದರೆ ಅದು ಆ ಸಂಖ್ಯೆಯ ಪಾಲು. ಏಳರ ಮೇಲೆ ಬಾಯಿ ಇದ್ದರೆ ಏಳನೇ ಒಂದು. ದಿನಬಳಕೆಯ ಓಟದ ಬರಹದಲ್ಲಿ ಆ ಬಾಯಿ ಬರೀ ಚುಕ್ಕೆಯಾಯಿತು. 2/3ಕ್ಕೆ ಬೇರೆಯೇ ಗುರುತು ಇತ್ತು. ಉಳಿದದ್ದನ್ನೆಲ್ಲ ಏಕಾಂಶಗಳನ್ನು ಕೂಡಿಸಿಯೇ ಹೇಳಬೇಕು. ಅದರಲ್ಲೂ ಒಂದೇ ಪಾಲು ಎರಡು ಸಲ ಬರುವ ಹಾಗಿಲ್ಲ. 2/7 ಎಂದರೆ 1/7 + 1/7 ಎಂದು ಸುಮ್ನೆ ಬರೆದು ಮುಗಿಸುವಂತಿರಲಿಲ್ಲ. ಅವರು 1/4 + 1/28 ಎಂದು ಬರೆಯುತ್ತಿದ್ದರು.

ಇದೆಲ್ಲ ನಮಗೆ ಗೊತ್ತಾಗಿರುವುದು ಮುಖ್ಯವಾಗಿ ಒಂದು ಪಪೈರಸ್ ಸುರುಳಿಯಿಂದ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಹೆನ್ರಿ ರಿಂಡ್ ಅದನ್ನು 1858ರಲ್ಲಿ ಲಕ್ಸರ್‌ನಲ್ಲಿ ಕೊಂಡರು. ಈಗ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಕ್ರಿ.ಪೂ. 1550ರ ಆಸುಪಾಸಿನಲ್ಲಿ ಅಹ್ಮೆಸ್ ಎಂಬ ಲಿಪಿಕಾರ ಇನ್ನೂ ಹಳೆಯ ಒಂದು ಬರಹವನ್ನು ನೋಡಿ ಅದನ್ನು ನಕಲು ಮಾಡಿದ. ಮೊದಲ ಆರು ಲೆಕ್ಕಗಳು ಹತ್ತು ಜನರಿಗೆ ರೊಟ್ಟಿ ಹಂಚುವ ಲೆಕ್ಕಗಳೇ. ಏಳು ರೊಟ್ಟಿ ಇದ್ದರೆ ಒಬ್ಬೊಬ್ಬರಿಗೆ 2/3 + 1/30 ಎಂದು ಅಹ್ಮೆಸ್ ಉತ್ತರ ಕೊಡುತ್ತಾನೆ.

ಆ ಲೆಕ್ಕಗಳಿಗೂ ಮುಂಚೆ ಒಂದು ಉದ್ದನೆಯ ಪಟ್ಟಿ ಇದೆ. 2ನ್ನು 3ರಿಂದ 101ರವರೆಗಿನ ಪ್ರತಿ ಬೆಸಸಂಖ್ಯೆಯಿಂದ ಭಾಗಿಸಿದರೆ ಏನು ಬರುತ್ತದೆ ಎನ್ನುವ ಪಟ್ಟಿ. ಎರಡೇ ಯಾಕೆ, ಬೆಸಸಂಖ್ಯೆಯೇ ಯಾಕೆ ಎಂದು ಅರ್ಥವಾಗಬೇಕಾದರೆ ಅವರು ಗುಣಿಸುತ್ತಿದ್ದ ರೀತಿಯನ್ನು ನೋಡಬೇಕು.

ಅವರ ಗುಣಾಕಾರ ಎಂದರೆ ದುಪ್ಪಟ್ಟು ಮಾಡುತ್ತಾ ಹೋಗುವುದು. ಸುರುಳಿಯ 24ನೇ ಲೆಕ್ಕ ಹೀಗಿದೆ: ಒಂದು ರಾಶಿಗೆ ಅದರ ಏಳನೇ ಒಂದನ್ನು ಸೇರಿಸಿದರೆ 19, ರಾಶಿ ಎಷ್ಟು? ಮೊದಲು ರಾಶಿ 7 ಎಂದು ಊಹಿಸುತ್ತಾರೆ. ಆಗ ಮೊತ್ತ 8. ಬೇಕಾದ್ದು 19. ಹಾಗಾದರೆ 8 ಎಷ್ಟು ಸಲ ಸೇರಿದರೆ 19? ಎರಡು ಸಲಕ್ಕೆ 16, ಕಾಲು ಸಲಕ್ಕೆ 2, ಅರೆಕಾಲು ಸಲಕ್ಕೆ 1. ಅಲ್ಲಿಗೆ 19 ಆಯಿತು. ಉತ್ತರ 2 + 1/4 + 1/8. ಇದನ್ನು ಏಳರಿಂದ ಗುಣಿಸಬೇಕು. ಒಂದು ಸಲ ದುಪ್ಪಟ್ಟು ಮಾಡಿದರೆ 4 + 1/2 + 1/4. ಇನ್ನೊಂದು ಸಲ ಮಾಡಿದರೆ 9 + 1/2. ಒಂದು, ಎರಡು, ನಾಲ್ಕು ಸೇರಿದರೆ ಏಳು ತಾನೇ? ಮೂರನ್ನೂ ಕೂಡಿಸಿದರೆ 16 + 1/2 + 1/8.

ಇಲ್ಲಿ ದುಪ್ಪಟ್ಟು ಮಾಡುವುದು ಎಷ್ಟು ಸುಲಭವಾಯಿತು ನೋಡಿ. 1/8 ದುಪ್ಪಟ್ಟಾದರೆ 1/4, 1/4 ದುಪ್ಪಟ್ಟಾದರೆ 1/2. ಛೇದ ಸಮಸಂಖ್ಯೆಯಾಗಿದ್ದರೆ ಅದನ್ನು ಅರ್ಧ ಮಾಡಿದರೆ ಸಾಕು. ಆದರೆ 1/13ನ್ನು ದುಪ್ಪಟ್ಟು ಮಾಡಬೇಕಾಗಿ ಬಂದರೆ ಕೈ ಅಲ್ಲೇ ನಿಲ್ಲುತ್ತದೆ. ಆಗ ಪಟ್ಟಿ ತೆಗೆದು 2/13 ಎಷ್ಟು ಎಂದು ನೋಡಬೇಕು. ಹಾಗಾಗಿಯೇ ಪಟ್ಟಿಯಲ್ಲಿ ಅಂಶ ಬರೀ ಎರಡು, ಛೇದ ಬರೀ ಬೆಸ.

2/13ರ ಎದುರು ಇರುವುದು 1/8 + 1/52 + 1/104. ಅದಕ್ಕೆ ಬಂದ ದಾರಿಯನ್ನೂ ಅಹ್ಮೆಸ್ ಬರೆದಿಟ್ಟಿದ್ದಾನೆ. 13ರ ಎಂಟನೇ ಒಂದು ಎಂದರೆ 1 + 1/2 + 1/8. ಅದು 2 ಆಗಲು ಇನ್ನೂ 1/4 ಮತ್ತು 1/8 ಬೇಕು. 13ರಿಂದ 1/4 ಬರಬೇಕಾದರೆ 52ನೇ ಒಂದು ಪಾಲು ತೆಗೆಯಬೇಕು, 1/8 ಬರಬೇಕಾದರೆ 104ನೇ ಒಂದು ಪಾಲು. ಮೂರು ಪಾಲು ಸೇರಿದರೆ 13ರಿಂದ ಸರಿಯಾಗಿ 2 ಬರುತ್ತದೆ.

ಆದರೆ 2/13ನ್ನು ಎರಡೇ ಪಾಲಿನಲ್ಲಿ ಹೇಳಬಹುದು: 1/7 + 1/91. ಚಿಕ್ಕದನ್ನು ಬಿಟ್ಟು ಉದ್ದದ್ದನ್ನು ಯಾಕೆ ಆರಿಸಿದರು? ಅಹ್ಮೆಸ್ ಕಾರಣ ಬರೆದಿಲ್ಲ. ಆದರೆ ಮುಂದಿನ ಸಲ ದುಪ್ಪಟ್ಟು ಮಾಡಿ ನೋಡಿದರೆ ಕಾರಣ ತಾನಾಗಿ ಹೊಳೆಯುತ್ತದೆ. 8, 52, 104 ಮೂರೂ ಸಮಸಂಖ್ಯೆ. ಉತ್ತರ ಕಣ್ಣು ಮುಚ್ಚಿ ಬರೆಯಬಹುದು: 1/4 + 1/26 + 1/52. ಅದೇ 1/7 + 1/91 ಆಗಿದ್ದರೆ ಮತ್ತೆ ಎರಡು ಸಲ ಪಟ್ಟಿ ಹುಡುಕಬೇಕಿತ್ತು. ಪಟ್ಟಿಯಲ್ಲಿ ಸಮ ಛೇದಗಳು ಜಾಸ್ತಿ ಕಾಣುವುದಕ್ಕೆ ವಿದ್ವಾಂಸರು ಕೊಡುವ ಕಾರಣವೂ ಇದೇ. ಎಲ್ಲ ಸಾಲುಗಳಿಗೂ ಈ ಒಂದೇ ನಿಯಮ ಹೊಂದುವುದಿಲ್ಲ ಎನ್ನುವುದೂ ನಿಜ. 2/91ಕ್ಕೆ ಕೊಟ್ಟಿರುವ 1/70 + 1/130 ಬೇರೆ ಜಾಣ್ಮೆಯಿಂದ ಬಂದದ್ದು. ಪಟ್ಟಿಯನ್ನು ಯಾವುದೋ ಒಂದು ಸೂತ್ರ ಹಿಡಿದು ಮಾಡಿದಂತಿಲ್ಲ, ಕೈಯಲ್ಲಿ ಲೆಕ್ಕ ಮಾಡುವವರ ಅನುಕೂಲ ನೋಡಿ ಒಂದೊಂದಾಗಿ ಆರಿಸಿದಂತಿದೆ ಎನ್ನುವುದು ನನ್ನ ಅಭಿಪ್ರಾಯ.

ಯಾವ ಭಿನ್ನರಾಶಿ ಕೊಟ್ಟರೂ ನಡೆಯುವ ಒಂದು ಸಾಮಾನ್ಯ ವಿಧಾನ ಬೇಕು ಎಂದರೆ ನಾವು ನಮ್ಮ ನಾಡಿಗೇ ಬರಬೇಕಾಗುತ್ತದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ಬರೆದರು. ಆ ಹೊತ್ತಿಗೆ ಇಲ್ಲಿ 4/13ರಂಥವನ್ನು ಹಾಗೆಯೇ ಬರೆದು ಲೆಕ್ಕ ಮಾಡುವುದು ಮಾಮೂಲಾಗಿತ್ತು. ಏಕಾಂಶಗಳಾಗಿ ಒಡೆಯಲೇಬೇಕು ಎಂಬ ಕಟ್ಟು ಅವರಿಗೆ ಇರಲಿಲ್ಲ. ಆದರೂ ಅವರು ಆ ಪ್ರಶ್ನೆ ಕೈಗೆತ್ತಿಕೊಂಡು ಹಲವು ನಿಯಮಗಳನ್ನು ಕೊಟ್ಟಿದ್ದಾರೆ. 1ನ್ನೇ ಎಷ್ಟು ಪಾಲು ಬೇಕೋ ಅಷ್ಟು ಏಕಾಂಶಗಳಾಗಿ ಒಡೆಯುವುದು ಒಂದು: 1/2 + 1/3 + 1/9 + 1/18. ನಡುವಿನ ಛೇದಗಳು ಮೂರು ಮೂರು ಪಟ್ಟು ಬೆಳೆಯುತ್ತವೆ, ಕೊನೆಯದು ಮಾತ್ರ ಅದರ ಹಿಂದಿನದರ ಎರಡು ಪಟ್ಟು.

ನಮಗೆ ಇಲ್ಲಿ ಮುಖ್ಯವಾದದ್ದು ಇನ್ನೊಂದು ನಿಯಮ. ಛೇದಕ್ಕೆ ಇಷ್ಟಬಂದ ಒಂದು ಸಂಖ್ಯೆ ಸೇರಿಸಿ, ಮೊತ್ತ ಅಂಶದಿಂದ ಶೇಷವಿಲ್ಲದೆ ಭಾಗವಾಗಬೇಕು. ಬಂದ ಭಾಗಲಬ್ಧವೇ ಮೊದಲ ಏಕಾಂಶದ ಛೇದ. ನೀವು ಸೇರಿಸಿದ ಸಂಖ್ಯೆಯನ್ನು ಆ ಭಾಗಲಬ್ಧದಿಂದಲೂ ಹಳೆಯ ಛೇದದಿಂದಲೂ ಭಾಗಿಸಿದರೆ ಉಳಿದದ್ದು ಸಿಗುತ್ತದೆ. ಅದರ ಮೇಲೆ ಮತ್ತೆ ಇದನ್ನೇ ಮಾಡಿ.

4/13ರ ಮೇಲೆ ಇದನ್ನು ನಡೆಸೋಣ. 13ಕ್ಕೆ 3 ಸೇರಿಸಿದರೆ 16. ಅದನ್ನು 4ರಿಂದ ಭಾಗಿಸಿದರೆ 4. ಮೊದಲ ಪಾಲು 1/4, ಉಳಿದದ್ದು 3/52. ಈಗ 52ಕ್ಕೆ 2 ಸೇರಿಸಿದರೆ 54, ಅದನ್ನು 3ರಿಂದ ಭಾಗಿಸಿದರೆ 18. ಎರಡನೇ ಪಾಲು 1/18, ಉಳಿದದ್ದು 2/936, ಅಂದರೆ 1/468. ಅಲ್ಲಿಗೆ 4/13 = 1/4 + 1/18 + 1/468.

ಇದು ಎಂದಾದರೂ ಮುಗಿಯುತ್ತದೆ ಎನ್ನುವುದಕ್ಕೆ ಏನು ಖಾತ್ರಿ? ನಾವು ಸೇರಿಸಿದ ಸಂಖ್ಯೆಯೇ ಮುಂದಿನ ಅಂಶ ಆಗುತ್ತದೆ. ಪ್ರತಿ ಸಲ ಅತಿ ಚಿಕ್ಕದನ್ನೇ ಸೇರಿಸಿದರೆ ಅದು ಈಗಿನ ಅಂಶಕ್ಕಿಂತ ಕಡಿಮೆಯೇ ಇರುತ್ತದೆ. ಹಾಗಾಗಿ ಅಂಶ ಇಳಿಯುತ್ತಾ ಇಳಿಯುತ್ತಾ 1ಕ್ಕೆ ಬಂದು ನಿಲ್ಲಲೇಬೇಕು. ಚಿಕ್ಕದನ್ನೇ ಆರಿಸುವುದು ಎಂದರೆ ಪ್ರತಿ ಹೆಜ್ಜೆಯಲ್ಲೂ ಹಿಡಿಸುವಷ್ಟು ದೊಡ್ಡ ಪಾಲನ್ನು ಮೊದಲು ಕತ್ತರಿಸಿಕೊಳ್ಳುವುದು. ಇದೇ ವಿಧಾನ 1202ರಲ್ಲಿ ಇಟಲಿಯ ಫಿಬೊನಾಚಿಯ ಪುಸ್ತಕದಲ್ಲೂ ಬರುತ್ತದೆ. ಬೇರೆ ಸುಲಭ ದಾರಿಗಳನ್ನೆಲ್ಲ ಹೇಳಿ, ಅವು ಹೊಂದದಿದ್ದಾಗ ಬಳಸಲು ಎಂದು ಅವನು ಇದನ್ನು ಕೊನೆಗೆ ಇಟ್ಟಿದ್ದಾನೆ. 1880ರಲ್ಲಿ ಗಣಿತಜ್ಞ ಜೆ. ಜೆ. ಸಿಲ್ವೆಸ್ಟರ್ ಇದರ ಬಗ್ಗೆ ಮತ್ತೆ ಬರೆದರು.

ಫಿಬೊನಾಚಿ ಅದನ್ನು ಕೊನೆಗೆ ಇಟ್ಟದ್ದು ಸರಿಯೇ. ವಿಧಾನ ಮುಗಿಯುವುದು ಖಂಡಿತ, ಆದರೆ ಛೇದಗಳು ಹೇಗೆ ಉಬ್ಬುತ್ತವೆ ಎನ್ನುವುದಕ್ಕೆ 5/121 ಒಳ್ಳೆಯ ಉದಾಹರಣೆ. ಪ್ರತಿ ಸಲ ದೊಡ್ಡ ಪಾಲನ್ನೇ ತೆಗೆದರೆ ಮೊದಲು 1/25, ಆಮೇಲೆ 1/757, ಆಮೇಲೆ 1/763309 ಬರುತ್ತದೆ. ನಾಲ್ಕನೇ ಛೇದಕ್ಕೆ 12 ಅಂಕಿ, ಐದನೆಯದಕ್ಕೆ 25 ಅಂಕಿ. ಯಾವ ರೊಟ್ಟಿಯನ್ನೂ ಹಾಗೆ ಕತ್ತರಿಸಲು ಆಗುವುದಿಲ್ಲ.

ಇಲ್ಲಿ ಮಹಾವೀರಾಚಾರ್ಯರ 'ಇಷ್ಟಬಂದ ಸಂಖ್ಯೆ' ಎಂಬ ಮಾತು ಕೆಲಸಕ್ಕೆ ಬರುತ್ತದೆ. ಅತಿ ಚಿಕ್ಕದನ್ನೇ ಸೇರಿಸಿ ಎಂದು ಅವರು ಕಟ್ಟು ಹಾಕಿಲ್ಲ. 121ಕ್ಕೆ 4ರ ಬದಲು 44 ಸೇರಿಸಿ. 165 ಆಯಿತು, 5ರಿಂದ ಭಾಗಿಸಿದರೆ 33. ಉಳಿದದ್ದು 44/3993, ಅಂದರೆ 4/363. ಈಗ 363ಕ್ಕೆ 121 ಸೇರಿಸಿ. 484 ಆಯಿತು, 4ರಿಂದ ಭಾಗಿಸಿದರೆ 121. ಉಳಿದದ್ದು 1/363. ಒಟ್ಟು 1/33 + 1/121 + 1/363. ಮೂರೇ ಪಾಲು, ಛೇದಗಳು ಮೂರಂಕಿಯನ್ನು ದಾಟಿಲ್ಲ. ಗುಟ್ಟು ಇಷ್ಟೇ: ಛೇದದ ಜೊತೆ ಸಾಮಾನ್ಯ ಅಪವರ್ತನ ಇರುವ ಸಂಖ್ಯೆಯನ್ನು ಸೇರಿಸಿದರೆ ಉಳಿದದ್ದು ಸಂಕ್ಷೇಪವಾಗಿ ಚಿಕ್ಕದಾಗುತ್ತದೆ. ಆದರೆ ಈ ಸ್ವಾತಂತ್ರ್ಯಕ್ಕೆ ಒಂದು ಬೆಲೆ ಇದೆ. ದೊಡ್ಡ ಸಂಖ್ಯೆ ಸೇರಿಸಿದ ಮೇಲೆ ಅಂಶ ಇಳಿದೇ ಇಳಿಯುತ್ತದೆ ಎನ್ನುವ ಖಾತ್ರಿ ಹೋಗುತ್ತದೆ. ಒಳ್ಳೆಯ ಸಂಖ್ಯೆ ಯಾವುದು ಎಂದು ಪ್ರತಿ ಸಲವೂ ಹುಡುಕಬೇಕು.

ಆ ಹುಡುಕಾಟ ಯಾವಾಗಲೂ ಫಲ ಕೊಡುತ್ತದೆಯೇ? 4/17 ತೆಗೆದುಕೊಳ್ಳಿ. ದೊಡ್ಡ ಪಾಲನ್ನೇ ತೆಗೆಯುತ್ತಾ ಹೋದರೆ ನಾಲ್ಕು ಪಾಲು ಬೇಕು: 1/5 + 1/29 + 1/1233 + 1/3039345. ಎರಡನೇ ಹೆಜ್ಜೆಯಲ್ಲಿ 85ಕ್ಕೆ 2ರ ಬದಲು 5 ಸೇರಿಸಿದರೆ ಮೂರೇ ಸಾಕು: 1/5 + 1/30 + 1/510. ಹಂಗೇರಿಯ ಪಾಲ್ ಏರ್ಡಿಶ್ ಮತ್ತು ಅವರ ಜೊತೆಗಾರ ಅರ್ನ್ಸ್ಟ್ ಸ್ಟ್ರೌಸ್ 1948ರಲ್ಲಿ ಒಂದು ಊಹೆ ಮುಂದಿಟ್ಟರು. ಅಂಶ 4 ಇದ್ದಾಗ, ಛೇದ 2ರಿಂದ ಆಚೆಗೆ ಯಾವುದೇ ಆಗಿರಲಿ, ಮೂರು ಏಕಾಂಶ ಯಾವಾಗಲೂ ಸಾಕು ಎನ್ನುವುದು ಆ ಊಹೆ.

ಇದನ್ನು ಇವತ್ತಿಗೂ ಯಾರೂ ಸಾಧಿಸಿಲ್ಲ, ತಪ್ಪು ಎಂದೂ ತೋರಿಸಿಲ್ಲ. ಕಂಪ್ಯೂಟರಿನಲ್ಲಿ 1ರ ಮುಂದೆ 17 ಸೊನ್ನೆ ಹಾಕಿದಷ್ಟು ದೊಡ್ಡ ಛೇದಗಳವರೆಗೆ ಪರೀಕ್ಷಿಸಿದ್ದಾರೆ, ಎಲ್ಲೂ ಸೋತಿಲ್ಲ. ಅವಿಭಾಜ್ಯ ಛೇದಗಳಿಗೆ ಉತ್ತರ ಇದ್ದರೆ ಉಳಿದವಕ್ಕೂ ಇರುತ್ತದೆ. ಗಣಿತಜ್ಞ ಲೂಯಿ ಮಾರ್ಡೆಲ್ ಸೂತ್ರಗಳಿಂದ ಹೆಚ್ಚಿನ ಅವಿಭಾಜ್ಯಗಳನ್ನು ಬಗೆಹರಿಸಿದರು. 840ರಿಂದ ಭಾಗಿಸಿದಾಗ 1, 121, 169, 289, 361 ಅಥವಾ 529 ಶೇಷ ಉಳಿಯುವವು ಮಾತ್ರ ಆ ಸೂತ್ರಗಳಿಗೆ ಸಿಗಲಿಲ್ಲ. ಆರೂ ಶೇಷಗಳು ವರ್ಗಸಂಖ್ಯೆಗಳು ಎನ್ನುವುದನ್ನು ಗಮನಿಸಿ. ಹಾಗೆ ತಪ್ಪಿಸಿಕೊಂಡ ಅವಿಭಾಜ್ಯಗಳಲ್ಲಿ ಮೊದಲನೆಯದು 1009. ಅದಕ್ಕೆ ಕೈಯಿಂದಲೇ ಉತ್ತರ ಹುಡುಕಬಹುದು. 1009ಕ್ಕೆ 3 ಸೇರಿಸಿ 4ರಿಂದ ಭಾಗಿಸಿದರೆ 253, ಉಳಿದದ್ದು 3/255277. ಇದರ ಛೇದವನ್ನು 11 ಭಾಗಿಸುತ್ತದೆ. 1 ಮತ್ತು 11 ಸೇರಿದರೆ 12, ಅದು 3ರ ನಾಲ್ಕು ಪಟ್ಟು. ಮೇಲೂ ಕೆಳಗೂ 4ರಿಂದ ಗುಣಿಸಿ, ಮೇಲಿನ 12ನ್ನು 11 ಮತ್ತು 1 ಎಂದು ಬಿಡಿಸಿದರೆ ಮುಗಿಯಿತು:

4/1009 = 1/253 + 1/92828 + 1/1021108