ಅವ್ವನ ಕೋಣೆಗೆ ಎಷ್ಟು ಡಿಗ್ರಿ?

ಕಳೆದ ಮೇ ತಿಂಗಳಲ್ಲಿ ಅವ್ವನ ಕೋಣೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟೆ. ಮಂಚದ ಪಕ್ಕದ ಸ್ಟೂಲಿನ ಮೇಲೆ, ಅವಳು ಮಲಗಿದಾಗ ತಲೆ ಇರುವ ಎತ್ತರಕ್ಕೆ. ನಮ್ಮದು ಕಲಬುರಗಿ. ಮನೆಯ ಕೆಳಭಾಗ ಹಳೆಯದು, ಕಲ್ಲಿನ ದಪ್ಪ ಗೋಡೆ, ಶಹಾಬಾದ್ ಫರಸಿ ಹಾಸಿದ ನೆಲ. ಮೇಲಿನದು ಆಮೇಲೆ ಕಟ್ಟಿಸಿದ ಆರ್‌ಸಿಸಿ ಕೋಣೆ. ಅವ್ವನಿಗೆ 76. ಅವಳಿಗೆ ಮೇಲಿನ ಕೋಣೆಯೇ ಬೇಕು, ಅಲ್ಲಿಂದ ಓಣಿ ಕಾಣುತ್ತದೆ.

ಮಧ್ಯಾಹ್ನ ಒಂದಕ್ಕೆ ನೋಡಿದರೆ 35 ಡಿಗ್ರಿ. ಹೊರಗೆ ಆಗಲೇ 41. ಪರವಾಗಿಲ್ಲ ಅನಿಸಿತು. ನಾಲ್ಕಕ್ಕೆ 37. ಸಂಜೆ ಆರೂವರೆಗೆ, ಬಿಸಿಲು ಇಳಿದು ಜನ ಕಟ್ಟೆಗೆ ಬಂದು ಕೂತ ಹೊತ್ತಿನಲ್ಲಿ, ಕೋಣೆಯಲ್ಲಿ 39. ರಾತ್ರಿ ಹನ್ನೊಂದಕ್ಕೂ 36. ಬೆಳಗಿನ ಜಾವ ಐದಕ್ಕೆ ಮಾತ್ರ 33ಕ್ಕೆ ಇಳಿಯಿತು. ಅದೇ ಸಂಜೆ ಆರೂವರೆಗೆ ಕೆಳಗಿನ ಕೋಣೆಯಲ್ಲಿ 34 ಇತ್ತು.

ಹನ್ನೊಂದು ಗಂಟೆಗೆ "ಅವ್ವಾ, ಸೆಕೆ ಆಗ್ತಿಲ್ಲೇನು?" ಎಂದು ಕೇಳಿದೆ.

"ನನಗೇನೂ ಸೆಕಿ ಹತ್ತವಲ್ದು. ಸುಮ್ನ ಹೋಗಿ ಮಲ್ಕೋ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ತೊಂದರೆ ಇರುವುದೇ ಅಲ್ಲಿ.

ವಯಸ್ಸಾದಂತೆ ಚರ್ಮಕ್ಕೆ ಬಿಸಿ, ತಣ್ಣಗಿನ ಸುದ್ದಿ ತಡವಾಗಿ ಮುಟ್ಟುತ್ತದೆ. ಬಾಯಾರಿಕೆಯೂ ಹಾಗೆಯೇ. ಮೈಯಲ್ಲಿ ನೀರು ಕಡಿಮೆಯಾದರೂ ಕುಡಿಯಬೇಕು ಅನಿಸುವುದಿಲ್ಲ. ಬೆವರು ತಡವಾಗಿ ಶುರುವಾಗುತ್ತದೆ, ಬರುವುದೂ ಕಡಿಮೆ. ಒಳಗಿನ ಬಿಸಿಯನ್ನು ಚರ್ಮದ ತನಕ ಹೊತ್ತು ತರಬೇಕಾದ ರಕ್ತವೂ ಹಿಂದಿನಷ್ಟು ಹರಿಯುವುದಿಲ್ಲ. ಅದಕ್ಕಾಗಿ ಹೃದಯ ಹೆಚ್ಚು ದುಡಿಯಬೇಕು. ಇದರ ಮೇಲೆ ಬಿಪಿಗೆಂದು ಕೊಟ್ಟ, ಮೂತ್ರ ಹೆಚ್ಚಿಸುವ ನೀರಿನ ಗುಳಿಗೆ ಇದ್ದರೆ ಮೈಯ ನೀರು ಇನ್ನೂ ಬೇಗ ಹೋಗುತ್ತದೆ. ಹಾಗಂತ ಗುಳಿಗೆಯನ್ನು ನಾವೇ ನಿಲ್ಲಿಸುವಂತಿಲ್ಲ. ಮಾರ್ಚ್‌ನಲ್ಲೇ ಒಮ್ಮೆ ಡಾಕ್ಟರನ್ನು ಕೇಳಿಕೊಂಡರೆ ಆಯಿತು.

ಹಾಗಾದರೆ ಎಷ್ಟು ಡಿಗ್ರಿ ಸರಿ? ಬೇಸಿಗೆಯಲ್ಲಿ ಕೋಣೆ ಹಗಲು 32ರ ಒಳಗೆ, ರಾತ್ರಿ 24ರ ಒಳಗೆ ಇರಲಿ, 60 ದಾಟಿದವರಿಗೆ ಇದು ಮುಖ್ಯ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದವರು ವಯಸ್ಸಾದವರನ್ನು 22, 26, 31, 36 ಡಿಗ್ರಿಯ ಕೋಣೆಗಳಲ್ಲಿ ಎಂಟೆಂಟು ತಾಸು ಕೂರಿಸಿ ನೋಡಿದರು. 26ರ ತನಕ ಒಳಮೈ ಶಾಖ ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು. 31ರಲ್ಲಿ ಏರಿತು, 36ರಲ್ಲಿ ಇನ್ನೂ ಏರಿತು. ಆದರೆ ಅವರು ಚಳಿ ದೇಶದವರು. ಬಿಸಿಲಲ್ಲೇ ಬೆಳೆದ ಮೈ ಸ್ವಲ್ಪ ಜಾಸ್ತಿ ತಾಳುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಏಸಿ ಇಲ್ಲದೆ ರಾತ್ರಿ 24 ಎಂದರೆ ನಗು ಬರುತ್ತದೆ, ಹೊರಗೇ ಅಷ್ಟಕ್ಕೆ ಇಳಿಯುವುದು ಅಪರೂಪ. ಹಾಗಾಗಿ ನಮ್ಮ ಮನೆಗೆ ನಾನೇ ಒಂದು ಲೆಕ್ಕ ಹಾಕಿಕೊಂಡೆ. ಹಗಲು 32 ದಾಟಿದರೆ ಏನಾದರೂ ಮಾಡಬೇಕು. ಮಲಗುವ ಹೊತ್ತಿಗೆ 30ರ ಒಳಗೆ ತರಬೇಕು. ಇದು ಕೈಗೆ ಸಿಗುವ ಗುರಿ ಅಷ್ಟೆ, ಎಲ್ಲರಿಗೂ ಒಪ್ಪುವ ಗೆರೆ ಅಲ್ಲ.

ರಾತ್ರಿಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ಹಗಲಿನ ಬಿಸಿಯಿಂದ ದಣಿದ ಹೃದಯಕ್ಕೆ ರಾತ್ರಿಯೇ ಬಿಡುವು. ಆ ಬಿಡುವು ಸಿಗದೆ ನಾಲ್ಕೈದು ದಿನ ಕಳೆದರೆ ಕಷ್ಟ. 2003ರಲ್ಲಿ ಫ್ರಾನ್ಸಿನಲ್ಲಿ ಬಿಸಿಗಾಳಿಗೆ ಸುಮಾರು 15,000 ಜನ ಸತ್ತರು. ಹೆಚ್ಚಿನವರು ಮುದುಕರು. ಆ ವಾರಗಳಲ್ಲಿ ರಾತ್ರಿಯೂ ತಂಪಾಗಿರಲಿಲ್ಲ. ನೇರ ಚಾವಣಿಯ ಕೆಳಗಿನ ಕೋಣೆಗಳಲ್ಲಿ ಇದ್ದವರಿಗೆ ಅಪಾಯ ಹೆಚ್ಚಿತ್ತು ಎಂಬುದು ಆಮೇಲೆ ಗೊತ್ತಾಯಿತು. ಅವ್ವನ ಕೋಣೆಯೂ ಅಂಥದ್ದೇ.

ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಹೊರಗೆ ತಿರುಗುವವರಿಗೆ ಆ ಲೆಕ್ಕ ಸರಿ. ಆದರೆ ಆರ್‌ಸಿಸಿ ಕೆಳಗೆ ಮಲಗುವವರಿಗೆ ಬೇರೆಯೇ ಗಡಿಯಾರ. ಮಧ್ಯಾಹ್ನ ಚಾವಣಿಯ ಮೇಲ್ಮೈ 60 ಡಿಗ್ರಿ ಹತ್ತಿರ ಹೋಗುತ್ತದೆ, ಬರಿಗಾಲಿಡಲು ಆಗುವುದಿಲ್ಲ. ಆ ಬಿಸಿ ಐದಿಂಚು ಕಾಂಕ್ರೀಟ್ ದಾಟಿ ಕೆಳಗೆ ಇಳಿಯಲು ಮೂರು ನಾಲ್ಕು ತಾಸು ಬೇಕು. ಅಂದರೆ ಮಧ್ಯಾಹ್ನ ಎರಡರ ಬಿಸಿಲು ಅವ್ವನ ಕೋಣೆಗೆ ಬರುವುದು ಸಂಜೆ. ಎಲೆಕ್ಟ್ರಿಷಿಯನ್ ಗೆಳೆಯನ ಹತ್ತಿರ ದೂರದಿಂದಲೇ ಶಾಖ ಅಳೆಯುವ ಗನ್ ಇತ್ತು. ಆರೂವರೆಗೆ ಚಾವಣಿಯ ಒಳಮೈಗೆ ಹಿಡಿದರೆ 43. ಗಾಳಿ 39 ಇದ್ದರೂ ತಲೆಯ ಮೇಲೆ 43ರ ಹಂಚು ಇಟ್ಟ ಹಾಗೆ. ಮೈಗೆ ಬಿಸಿ ಬರೀ ಗಾಳಿಯಿಂದ ಬರುವುದಿಲ್ಲ, ಸುತ್ತಲಿನ ಗೋಡೆ, ಚಾವಣಿಯ ಝಳದಿಂದಲೂ ಬರುತ್ತದೆ. ಸ್ಟೂಲಿನ ಮೇಲಿನ ಥರ್ಮಾಮೀಟರ್ ಇದನ್ನು ಪೂರ್ತಿ ತೋರಿಸುವುದಿಲ್ಲ.

ಫ್ಯಾನ್ ಇದೆಯಲ್ಲ ಅನ್ನಬಹುದು. ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ಓಡಿಸುತ್ತದೆ ಅಷ್ಟೆ. ನಮ್ಮ ಚರ್ಮ ಸುಮಾರು 35 ಡಿಗ್ರಿ ಇರುತ್ತದೆ. ಗಾಳಿ ಅದಕ್ಕಿಂತ ಬಿಸಿ ಇದ್ದರೆ ಫ್ಯಾನ್ ಮೈಗೆ ಬಿಸಿ ತುಂಬುತ್ತದೆ. ಬೆವರು ಆರಿ ಆ ನಷ್ಟ ತುಂಬಿಕೊಡಬೇಕು. ಹರೆಯದವರಲ್ಲಿ ತುಂಬಿಕೊಡುತ್ತದೆ. ಬೆವರು ಕಡಿಮೆ ಇರುವ ಮುದುಕರಲ್ಲಿ 38 ದಾಟಿದ ಮೇಲೆ ಫ್ಯಾನ್ ಒಂದನ್ನೇ ನಂಬಬಾರದು ಎಂದು ಈ ವಿಷಯ ಓದಿದವರು ಹೇಳುತ್ತಾರೆ.

ಬೆವರು ಬಾರದಿದ್ದರೆ ನಾವೇ ನೀರು ಹಚ್ಚಬಹುದು ಅಲ್ವಾ? ಇದರ ಲೆಕ್ಕ ನನಗೆ ಬಹಳ ಇಷ್ಟ. ಒಂದು ಗ್ರಾಂ ನೀರು ಚರ್ಮದ ಮೇಲೆ ಆರಿಹೋಗುವಾಗ ಸುಮಾರು 2.4 ಕಿಲೋಜೌಲ್ ಶಾಖ ಒಯ್ಯುತ್ತದೆ. ಅರ್ಧ ಲೋಟ, ಅಂದರೆ 100 ಮಿಲಿ ನೀರು ಆರಿದರೆ 240. ಸುಮ್ಮನೆ ಕೂತ ವಯಸ್ಸಾದ ವ್ಯಕ್ತಿಯ ಮೈ ಒಂದು ತಾಸಿನಲ್ಲಿ ಹುಟ್ಟಿಸುವ ಶಾಖ ಹೆಚ್ಚುಕಡಿಮೆ ಅಷ್ಟೇ. ಅರ್ಧ ಲೋಟ ನೀರಿಗೆ ಒಂದು ತಾಸಿನ ಬಿಸಿ! ಅವ್ವನ ಪಕ್ಕದಲ್ಲಿ ಒಂದು ಬಟ್ಟಲು ನೀರು, ಹಳೇ ಹತ್ತಿ ಸೀರೆಯ ತುಂಡು ಇಟ್ಟೆವು. ಹದಿನೈದು ನಿಮಿಷಕ್ಕೊಮ್ಮೆ ಮುಖ, ಕುತ್ತಿಗೆ, ಮೊಣಕೈ ತನಕ ಒರೆಸಿಕೊಂಡು ಫ್ಯಾನಿನ ಕೆಳಗೆ ಕೂರುವುದು. ನೀರು ಆರಬೇಕು, ಮುಖ್ಯವಾದದ್ದು ಅದೇ. ಒದ್ದೆ ಬಟ್ಟೆ ಸುತ್ತಿ ಮೇಲೆ ಚಾದರ ಹೊದ್ದರೆ ಕೆಲಸ ಮಾಡುವುದಿಲ್ಲ.

ಕೂಲರ್ ಮಾಡುವುದೂ ಇದನ್ನೇ, ಗಾಳಿಗೆ. ನಮ್ಮ ಮೇ ತಿಂಗಳು ಒಣ ತಿಂಗಳಾದ್ದರಿಂದ ಇಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಹೊರಗೆ 42 ಡಿಗ್ರಿ, ತೇವಾಂಶ ಶೇಕಡಾ 20 ಇದ್ದರೆ ಸಾಧಾರಣ ಕೂಲರ್ 30ರ ಆಸುಪಾಸಿನ ಗಾಳಿ ಕೊಡಬಲ್ಲದು. ಆದರೆ ನಾವೂ ಮೊದಲು ಎಲ್ಲರ ಹಾಗೆ ತಪ್ಪು ಮಾಡಿದೆವು. ಕೂಲರನ್ನು ಕೋಣೆಯ ಒಳಗಿಟ್ಟು ಬಾಗಿಲು ಕಿಟಕಿ ಮುಚ್ಚಿದೆವು. ಒಂದು ತಾಸಿಗೆ ಹಾಸಿಗೆ ಜಿಗುಟಾಯಿತು, ತಂಪೂ ಹೋಯಿತು. ಒಳಗಿನ ಗಾಳಿಯೇ ಸುತ್ತಿ ಸುತ್ತಿ ತೇವ ತುಂಬಿಕೊಂಡರೆ ನೀರು ಆರುವುದು ಹೇಗೆ? ಕೂಲರಿನ ಬೆನ್ನು ಕಿಟಕಿಯಿಂದ ಹೊರಗಿರಬೇಕು, ಎದುರಿನ ಕಿಟಕಿ ಅರ್ಧ ತೆರೆದಿರಬೇಕು. ಮಳೆ ಶುರುವಾದ ಮೇಲೆ ಕೂಲರಿನ ಆಟ ಮುಗಿದ ಹಾಗೆ.

ಇಷ್ಟೆಲ್ಲ ಮಾಡಿದರೂ ಕೆಡಬಹುದು. ಮಾತು ತೊದಲುವುದು, ಇದ್ದಕ್ಕಿದ್ದ ಹಾಗೆ ಗೊಂದಲ, ಎದ್ದು ನಿಂತಾಗ ಕಣ್ಣು ಕತ್ತಲೆ, ಬೆಳಗಿನಿಂದ ಮೂತ್ರವೇ ಇಲ್ಲದಿರುವುದು, ಇವನ್ನು "ವಯಸ್ಸಾಯಿತು" ಎಂದು ಬಿಡಬಾರದು. ಮೈ ಸುಡುತ್ತಿದ್ದು ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ, ಗಾಡಿ ಬರುವ ತನಕ ನೀರು ಹಾಕಿ ಗಾಳಿ ಬೀಸುತ್ತಿರಬೇಕು. ಎಚ್ಚರ ಸರಿ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಇನ್ನು ಚಳಿ. ಬೀದರ್‌ನಲ್ಲಿ ನನ್ನ ಅತ್ತೆಯವರ ಮನೆ. ಕಲಬುರಗಿಗಿಂತ ಬೀದರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ಕೆಲವು ಬೆಳಗು ಹೊರಗೆ 10ರ ಕೆಳಗೂ ಹೋಗುತ್ತದೆ. ಅವರದೂ ಮೇಲಿನ ಆರ್‌ಸಿಸಿ ಕೋಣೆ. ಬೇಸಿಗೆಯಲ್ಲಿ ಬಿಸಿಲಿನ ಬಿಸಿ ಕೆಳಗಿಳಿಸಿದ ಚಾವಣಿಯೇ ಚಳಿಗಾಲದ ರಾತ್ರಿ ಕೋಣೆಯ ಬಿಸಿಯನ್ನು ಬಯಲಾದ ಆಕಾಶಕ್ಕೆ ಚೆಲ್ಲುತ್ತದೆ. ಬೆಳಿಗ್ಗೆ ಆರಕ್ಕೆ ಅವರ ಮಂಚದ ಬಳಿ 16 ಡಿಗ್ರಿ. ವಿಶ್ವ ಆರೋಗ್ಯ ಸಂಸ್ಥೆ ಚಳಿಗೆ ಹೇಳುವ ಕನಿಷ್ಠ ಅಂಕಿ 18, ವಯಸ್ಸಾದವರಿಗೆ ಇನ್ನೂ ಸ್ವಲ್ಪ ಹೆಚ್ಚಿರಲಿ ಎನ್ನುತ್ತದೆ.

16 ಎಂದರೆ ನಮಗೆ ಹಿತ. ಅತ್ತೆಯವರೂ ಚಳಿ ಎಂದು ದೂರಿದವರಲ್ಲ. ಆದರೆ ಅವರ ಬಿಪಿ ಬೆಳಿಗ್ಗೆ ಆರಕ್ಕೆ 158 ತೋರಿಸುತ್ತಿತ್ತು, ಹತ್ತು ಗಂಟೆಗೆ ಬಿಸಿಲಲ್ಲಿ ಕೂತಾಗ 140. ಚಳಿಗೆ ಚರ್ಮದ ರಕ್ತನಾಳಗಳು ಸಂಕುಚಿಸುತ್ತವೆ, ಒತ್ತಡ ಏರುತ್ತದೆ. ಬೆಳಗಿನ ಜಾವ ಬಿಪಿ ಸಹಜವಾಗಿಯೂ ಸ್ವಲ್ಪ ಏರುವುದರಿಂದ ಎಲ್ಲವನ್ನೂ ಚಳಿಯ ತಲೆಗೆ ಕಟ್ಟುವಂತಿಲ್ಲ. ಬಿಪಿ ಬರೆಯುವ ನೋಟ್‌ಬುಕ್ಕಿನಲ್ಲೇ ಪಕ್ಕಕ್ಕೆ ಕೋಣೆಯ ಡಿಗ್ರಿ ಬರೆಯತೊಡಗಿದೆವು. ಗುಳಿಗೆ ಹೆಚ್ಚಿಸುವ ಮೊದಲು ಡಾಕ್ಟರ್ ಆ ಸಾಲನ್ನೂ ನೋಡಿದರು.

ಮಾಡಿದ್ದು ಜಾಸ್ತಿ ಏನಲ್ಲ. ದಕ್ಷಿಣದ ಕಿಟಕಿ ಹಗಲೆಲ್ಲ ತೆರೆದು ಬಿಸಿಲು ಬಿಡುವುದು, ಸಂಜೆ ಐದಕ್ಕೇ ಮುಚ್ಚುವುದು. ಫರಸಿಯ ಮೇಲೆ ಕಾಲಿಡುವ ಕಡೆ ಚಾಪೆ, ಏಕೆಂದರೆ ಕಲ್ಲು ಪಾದದ ಬಿಸಿಯನ್ನು ಬೇಗ ಎಳೆಯುತ್ತದೆ. ಕೌದಿ ಹೊದೆಯುವುದಷ್ಟೇ ಅಲ್ಲ, ಒಂದು ಕೆಳಗೂ ಹಾಸುವುದು. ಎದ್ದ ಕೂಡಲೇ ಸ್ನಾನಕ್ಕೆ ಹೋಗುವ ರೂಢಿಯನ್ನು ಒಂಬತ್ತಕ್ಕೆ ತಳ್ಳಲು ಮಾತ್ರ ಒಂದು ವಾರ ವಾದ ಮಾಡಬೇಕಾಯಿತು. ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿ ಇಡಲು ನಾನು ಒಪ್ಪಲಿಲ್ಲ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳದೇ ಹೋಗಬಹುದು.

ಈ ವರ್ಷ ಕಲಬುರಗಿಯ ಮನೆಯ ಮಾಳಿಗೆಗೆ ಮಾರ್ಚ್‌ನಲ್ಲೇ ಸುಣ್ಣ ಹೊಡೆಸಿದೆವು. ಬಿಳಿ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಮಳೆಗೆ ತೊಳೆದು ಹೋಗುತ್ತದೆ, ಪ್ರತಿವರ್ಷ ಹೊಡೆಸಬೇಕು. ಮೇ ತಿಂಗಳ ಸಂಜೆ ಆರೂವರೆಗೆ ಮೇಲಿನ ಕೋಣೆ 36 ಇತ್ತು. ಹೋದ ವರ್ಷಕ್ಕಿಂತ ಮೂರು ಕಡಿಮೆ, ಆದರೂ ನನ್ನ ಲೆಕ್ಕಕ್ಕೆ ಜಾಸ್ತಿಯೇ. ಹಾಗಾಗಿ ಏಪ್ರಿಲ್‌ನಿಂದ ಜೂನ್ ತನಕ ಅವ್ವನ ಮಂಚ ಕೆಳಗೆ ಬಂದಿದೆ. ಹೊರಗಿನ ಗಾಳಿ ಒಳಗಿಗಿಂತ ತಣ್ಣಗಾದ ಮೇಲೆ, ಅಂದರೆ ಎಂಟರ ಸುಮಾರಿಗೆ, ಸೊಳ್ಳೆ ಜಾಲರಿ ಹಾಕಿದ ಕಿಟಕಿಗಳನ್ನು ತೆರೆಯುತ್ತೇವೆ. ಮಲಗುವ ಹೊತ್ತಿಗೆ 31, ಕೆಲವು ದಿನ 30.

"ತಣ್ಣಗೇನೋ ಅದ," ಅನ್ನುತ್ತಾಳೆ ಅವ್ವ. "ಆದ್ರ ಇಲ್ಲಿಂದ ಓಣಿ ಕಾಣಂಗಿಲ್ಲ ನೋಡು."