x ನೆತ್ತಿಯ ಮೇಲಿನ ಪುಟ್ಟ 2

ಹತ್ತನೇ ತರಗತಿಯ ವರ್ಗ ಸಮೀಕರಣವೊಂದನ್ನು ಪೆನ್ ಟ್ಯಾಬ್ಲೆಟ್ ಮೇಲೆ ಬಿಡಿಸಿ, ವೈಟ್‌ಬೋರ್ಡ್ ಆಪ್‌ನ ಪರದೆಯನ್ನು ಧ್ವನಿಯೊಡನೆ ರೆಕಾರ್ಡ್ ಮಾಡುವ ಶಿಕ್ಷಕರಿಗೆ ತಮ್ಮ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತದೆ. ಆದರೆ ನೆಟ್‌ವರ್ಕ್ ದುರ್ಬಲವಾಗಿರುವ ಕಡೆ, ಡೇಟಾ ಉಳಿಸಲೆಂದು 360p ಗುಣಮಟ್ಟದಲ್ಲಿ ಅದೇ ಪಾಠವನ್ನು ಮೊಬೈಲಿನಲ್ಲಿ ನೋಡುವ ವಿದ್ಯಾರ್ಥಿಗೆ x² ಎಂಬುದು ಬರೀ x ಆಗಿಯೋ, ಪಕ್ಕದಲ್ಲೊಂದು ಮಸಿಯ ಚುಕ್ಕೆ ಬಿದ್ದ x ಆಗಿಯೋ ಕಾಣಬಹುದು. ಸಮೀಕರಣದ ಜೀವವಿರುವುದೇ ಆ ಘಾತದಲ್ಲಿ. ಪುಟದಲ್ಲಿರುವ ಅತ್ಯಂತ ಚಿಕ್ಕ ಚಿಹ್ನೆ ವಿದ್ಯಾರ್ಥಿಯನ್ನು ತಲುಪುವಂತೆ ನೋಡಿಕೊಂಡರೆ ಉಳಿದದ್ದು ತಾನಾಗಿ ತಲುಪುತ್ತದೆ.

ಮೊದಲು ಪೆನ್ನಿನ ವಿಚಾರ. ಬ್ಯಾಟರಿ ಇಲ್ಲದ ಪೆನ್ನುಗಳು ವಿದ್ಯುತ್ಕಾಂತೀಯ ಅನುರಣನೆಯಿಂದ ಕೆಲಸ ಮಾಡುತ್ತವೆ. ಜಪಾನಿನ ವಾಕಮ್ ಕಂಪನಿ 1980ರ ದಶಕದಿಂದಲೂ ಈ ಬಗೆಯ ಪೆನ್ನುಗಳನ್ನು ತಯಾರಿಸುತ್ತಿದೆ. ಟ್ಯಾಬ್ಲೆಟ್ಟಿನ ಮೇಲ್ಮೈಯ ಅಡಿಯಲ್ಲಿ ತಂತಿಗಳ ಜಾಲವೊಂದಿದ್ದು, ಅದು ಕ್ಷಣಕಾಲ ಕಾಂತಕ್ಷೇತ್ರವನ್ನು ಹೊರಸೂಸಿ ಮರುಕ್ಷಣ ಸುಮ್ಮನಾಗಿ ಆಲಿಸುತ್ತದೆ. ಪೆನ್ನಿನೊಳಗಿನ ಸುರುಳಿ ಮತ್ತು ಕೆಪಾಸಿಟರ್ ಆ ಶಕ್ತಿಯನ್ನು ಹೀರಿಕೊಂಡು ಹಿಂದಿರುಗಿಸುತ್ತವೆ. ಯಾವ ತಂತಿಗೆ ಎಷ್ಟು ಬಲವಾದ ಮರುದನಿ ಬಂತೆಂಬುದನ್ನು ಹೋಲಿಸಿ ಪೆನ್ನಿನ ಸ್ಥಾನ ಲೆಕ್ಕವಾಗುತ್ತದೆ. ತುದಿಯನ್ನು ಒತ್ತಿದಾಗ ಅನುರಣನೆಯ ಆವರ್ತನ ತುಸು ಬದಲಾಗುವುದರಿಂದ ಒತ್ತಡವೂ ತಿಳಿಯುತ್ತದೆ. ಈ ಬಗೆಯ ಟ್ಯಾಬ್ಲೆಟ್ಟಿಗೆ ಪೆನ್ನು ಮಾತ್ರ ಗೊತ್ತಾಗುವುದರಿಂದ, ಬೆರಳಿನ ಸ್ಪರ್ಶವನ್ನೂ ಗ್ರಹಿಸುವ ಮಾದರಿಯಲ್ಲದಿದ್ದರೆ, ಅಂಗೈಯನ್ನು ಅದರ ಮೇಲೆ ಊರಿಕೊಂಡು ಧಾರಾಳವಾಗಿ ಬರೆಯಬಹುದು. ಪೆನ್ನು ಸುಮಾರು ಒಂದು ಸೆಂಟಿಮೀಟರ್ ಮೇಲಿದ್ದಾಗಲೂ ಪರದೆಯ ಕರ್ಸರ್ ಅದನ್ನು ಹಿಂಬಾಲಿಸುತ್ತದೆ. ಗೆರೆ ಎಳೆಯದೆ ‘ಈ ಪದವನ್ನು ನೋಡಿ’ ಎಂದು ತೋರಿಸಲು ಇದು ಬಹಳ ಅನುಕೂಲ.

ಒತ್ತಡದ ಲೆಕ್ಕಾಚಾರದಲ್ಲಿಯೇ ಮೊದಲ ನಷ್ಟವೂ ಇದೆ. ತೀರಾ ಹಗುರವಾದ ಸ್ಪರ್ಶವನ್ನು ಟ್ಯಾಬ್ಲೆಟ್ ಬರವಣಿಗೆಯೆಂದು ಪರಿಗಣಿಸುವುದಿಲ್ಲ; ಆದ್ದರಿಂದ ಕಾಗದದ ಮೇಲಿನ ಅಭ್ಯಾಸದಂತೆ ತಟ್ಟನೆ ಇಟ್ಟ ದಶಮಾಂಶ ಬಿಂದುವೋ ಗುಣಾಕಾರದ ಚುಕ್ಕೆಯೋ ಮೂಡದೆ ಹೋಗಬಹುದು. ಚುಕ್ಕೆಯನ್ನು ಕುಟ್ಟುವ ಬದಲು ಪುಟ್ಟ ಗೆರೆಯಂತೆ ಎಳೆಯುವುದು ಇದಕ್ಕೆ ಪರಿಹಾರ. ಕೈನಡುಕವನ್ನು ಸರಿಪಡಿಸಲೆಂದು ಕೆಲವು ಆಪ್‌ಗಳಲ್ಲಿರುವ ಗೆರೆ ನಯಗೊಳಿಸುವ ಸೌಲಭ್ಯವನ್ನು ಚಿತ್ರಕಾರರು ಮೆಚ್ಚುತ್ತಾರೆ, ಆದರೆ ಗಣಿತಕ್ಕೆ ಅದನ್ನು ಕನಿಷ್ಠ ಮಟ್ಟದಲ್ಲಿಡುವುದೇ ಒಳ್ಳೆಯದು. ಅದು ಹಿಂದುಮುಂದಿನ ಬಿಂದುಗಳ ಸರಾಸರಿ ತೆಗೆಯುವುದರಿಂದ ಮೂಲೆಗಳು ದುಂಡಗಾಗುತ್ತವೆ. 4 ಎಂಬುದು 9ರ ಕಡೆಗೆ ವಾಲುತ್ತದೆ, ವರ್ಗಮೂಲ ಚಿಹ್ನೆಯ ಚೂಪು ಕರಗಿಹೋಗುತ್ತದೆ.

ಇನ್ನು ಗಾತ್ರದ ಪ್ರಶ್ನೆ. ಚಿಕ್ಕ ಟ್ಯಾಬ್ಲೆಟ್ ಒಂದರ ಬರೆಯುವ ಜಾಗ 152 ಮಿ.ಮೀ. ಅಗಲ, 95 ಮಿ.ಮೀ. ಎತ್ತರ ಇದೆಯೆನ್ನೋಣ. ಅದು 1920 × 1080 ಪಿಕ್ಸೆಲ್‌ಗಳ ಇಡೀ ಪರದೆಗೆ ಹೊಂದಿಕೊಂಡಾಗ ಅಡ್ಡಡ್ಡಲಾಗಿ ಒಂದು ಮಿ.ಮೀ.ಗೆ ಸುಮಾರು 12.6 ಪಿಕ್ಸೆಲ್ ಬರುತ್ತದೆ, ಉದ್ದುದ್ದಕ್ಕೆ 11.4 ಮಾತ್ರ. ಈ ವ್ಯತ್ಯಾಸದಿಂದ ಕೈ ಬರೆದ ವೃತ್ತ ಪರದೆಯ ಮೇಲೆ ಶೇಕಡಾ 11ರಷ್ಟು ಅಗಲವಾಗಿ ಹಿಗ್ಗುತ್ತದೆ. ಟ್ಯಾಬ್ಲೆಟ್ಟಿನ ಸೆಟ್ಟಿಂಗ್ಸ್‌ನಲ್ಲಿ ಪರದೆಯ ಅನುಪಾತವನ್ನೇ ಕಾಯ್ದುಕೊಳ್ಳುವ ಆಯ್ಕೆಯನ್ನು ಆರಿಸಿದರೆ ಈ ತೊಂದರೆ ತಪ್ಪುತ್ತದೆ. ಅದಕ್ಕೆ ತೆರುವ ಬೆಲೆಯೆಂದರೆ 95 ಮಿ.ಮೀ. ಎತ್ತರದಲ್ಲಿ ಒಂಬತ್ತೂವರೆ ಮಿ.ಮೀ. ಬಳಕೆಗೆ ಬಾರದೆ ಉಳಿಯುತ್ತದೆ, ಅಷ್ಟೆ.

x² + 6x − 7 = 0 ಎಂಬುದನ್ನು ವರ್ಗ ಪೂರ್ಣಗೊಳಿಸುವ ವಿಧಾನದಿಂದ ಬಿಡಿಸುವ ಪಾಠದಲ್ಲಿ ಈ ಅನುಪಾತ ಅಲಕ್ಷಿಸುವಂಥದ್ದಲ್ಲ. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಈ ವಿಧಾನವನ್ನು ಚಿತ್ರದ ಮೂಲಕವೇ ಸಮರ್ಥಿಸಿದ್ದ: x ಬಾಹುವಿನ ಚೌಕಕ್ಕೆ, x ಉದ್ದ ಮತ್ತು 3 ಅಗಲದ ಎರಡು ಆಯತಗಳನ್ನು ಎರಡು ಪಕ್ಕಗಳಲ್ಲಿ ಜೋಡಿಸಿದರೆ, ಮೂಲೆಯಲ್ಲಿ 3 × 3ರ ಚೌಕವೊಂದು ಖಾಲಿ ಉಳಿಯುತ್ತದೆ, ಅದನ್ನು ತುಂಬುವ 9ನ್ನೇ ನಾವು ಎರಡೂ ಬದಿಗೆ ಕೂಡುತ್ತೇವೆ. ಆ ಖಾಲಿ ಮೂಲೆ ಆಯತದಂತೆ ಕಂಡರೆ ‘ಚೌಕ ಪೂರ್ಣವಾಯಿತು’ ಎಂಬ ಮಾತಿಗೆ ಕಣ್ಣಿನ ಸಾಕ್ಷಿ ಸಿಗುವುದಿಲ್ಲ.

ಈಗ ಘಾತಕ್ಕೆ ಬರೋಣ. ನೋಟ್‌ಬುಕ್ಕಿನ ಅಭ್ಯಾಸದಂತೆ, ಅನುಪಾತ ಸರಿಪಡಿಸಿದ ಟ್ಯಾಬ್ಲೆಟ್ ಮೇಲೂ x ಅಕ್ಷರವನ್ನು 3 ಮಿ.ಮೀ. ಎತ್ತರಕ್ಕೆ ಬರೆದರೆ ರೆಕಾರ್ಡಿಂಗಿನಲ್ಲಿ ಅದು ಸುಮಾರು 38 ಪಿಕ್ಸೆಲ್, ಅದರ ಅರ್ಧದಷ್ಟಿರುವ ಘಾತ ಸುಮಾರು 19. 360p ಎಂದರೆ ಚಿತ್ರದ ಎತ್ತರ 1080ರಿಂದ 360ಕ್ಕೆ, ಅಂದರೆ ಮೂರನೇ ಒಂದಕ್ಕೆ ಇಳಿದಂತೆ. ಘಾತಕ್ಕೆ ಸಿಗುವುದು ಆರು ಪಿಕ್ಸೆಲ್. ಅಷ್ಟರಲ್ಲಿ 2ಕ್ಕೂ 3ಕ್ಕೂ ವ್ಯತ್ಯಾಸ ತೋರಿಸುವುದು ಕಷ್ಟ. x ಅನ್ನು 5 ಮಿ.ಮೀ.ಗೆ ಹಿಗ್ಗಿಸಿದರೆ ಘಾತಕ್ಕೆ ಹತ್ತು ಪಿಕ್ಸೆಲ್ ಉಳಿಯುತ್ತವೆ, ಓದಲು ಬರುತ್ತದೆ. ಗೆರೆಯ ದಪ್ಪಕ್ಕೂ ಇದೇ ಲೆಕ್ಕ: 3 ಪಿಕ್ಸೆಲ್ ದಪ್ಪದ ಗೆರೆ ಒಂದೇ ಪಿಕ್ಸೆಲ್ಲಿಗೆ ಇಳಿದು ಅಲ್ಲಲ್ಲಿ ಮಾಸುತ್ತದೆ, 6 ಪಿಕ್ಸೆಲ್ಲಿನದು ಎರಡಾಗಿ ನಿಲ್ಲುತ್ತದೆ. ಈ ಗಾತ್ರದಲ್ಲಿ ಸಾಲಿಗೆ ಸುಮಾರು 150 ಪಿಕ್ಸೆಲ್ ಜಾಗ ಬೇಕಾಗುವುದರಿಂದ ಒಂದು ಪುಟಕ್ಕೆ ಏಳು ಸಾಲು ಹಿಡಿಸುತ್ತವೆ. ನಮ್ಮ ಲೆಕ್ಕಕ್ಕೆ ಬೇಕಾದದ್ದು ಆರೇ ಸಾಲು:

```
x² + 6x − 7 = 0
x² + 6x = 7
x² + 6x + 9 = 7 + 9
(x + 3)² = 16
x + 3 = ±4
x = 1, x = −7
```

ಇದನ್ನು ಎಡ ಅರ್ಧದಲ್ಲಿ ಬರೆದು ಬಲ ಅರ್ಧವನ್ನು ಚೌಕದ ಚಿತ್ರಕ್ಕೆ ಬಿಟ್ಟರೆ ಪುಟವನ್ನು ಸರಿಸುವ ಪ್ರಸಂಗವೇ ಬರುವುದಿಲ್ಲ. ಸರಿಸದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ವಿಡಿಯೋ ಸಂಕೋಚನವು ಪ್ರತಿ ಚೌಕಟ್ಟನ್ನೂ ಹೊಸದಾಗಿ ಬರೆಯದೆ, ಹಿಂದಿನ ಚೌಕಟ್ಟಿಗಿಂತ ಬದಲಾದದ್ದನ್ನೇ ಮುಖ್ಯವಾಗಿ ಕಳುಹಿಸುತ್ತದೆ. ಹೊಸ ಗೆರೆಯೊಂದು ಮಾತ್ರ ಬೆಳೆಯುತ್ತಿರುವಾಗ ಬದಲಾವಣೆ ಅತ್ಯಲ್ಪ, ಹಾಗಾಗಿ ಚಿತ್ರ ಚೊಕ್ಕಟವಾಗಿರುತ್ತದೆ. ವೈಟ್‌ಬೋರ್ಡ್ ಆಪ್‌ಗಳು ಹೆಮ್ಮೆಯಿಂದ ಕೊಡುವ ಕೊನೆಯಿಲ್ಲದ ಹಾಳೆಯನ್ನು ಎಳೆದಾಡಿದಾಗಲೋ ಹಿಗ್ಗಿಸಿ ಕುಗ್ಗಿಸಿದಾಗಲೋ ಇಡೀ ಪರದೆ ಒಮ್ಮೆಗೇ ಬದಲಾಗಿ, ಅಂಕಿಗಳು ಕ್ಷಣಕಾಲ ಕಲಸಿಹೋಗುತ್ತವೆ. ವಿದ್ಯಾರ್ಥಿ ಹಿಂದಿನ ಸಾಲನ್ನು ಹುಡುಕುವುದೂ ಸಾಮಾನ್ಯವಾಗಿ ಅದೇ ಕ್ಷಣದಲ್ಲಿ.

ಬಣ್ಣದ ವಿಷಯದಲ್ಲಿ ಹೆಚ್ಚಿನವರು ರುಚಿಯನ್ನು ನಂಬುತ್ತಾರೆ, ಭೌತವಿಜ್ಞಾನವನ್ನಲ್ಲ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸಲಾರದು. ಅದನ್ನೇ ಬಳಸಿಕೊಂಡು ಸಾಮಾನ್ಯ ವಿಡಿಯೋಗಳು ಬೆಳಕನ್ನು ಪೂರ್ಣ ವಿವರದಲ್ಲಿಯೂ, ಬಣ್ಣವನ್ನು ಅಗಲ ಎತ್ತರ ಎರಡರಲ್ಲೂ ಅರ್ಧ ವಿವರದಲ್ಲಿಯೂ ಉಳಿಸಿಕೊಳ್ಳುತ್ತವೆ. ನಮ್ಮ ಹತ್ತು ಪಿಕ್ಸೆಲ್ಲಿನ ಘಾತಕ್ಕೆ ಬಣ್ಣದ ಮಟ್ಟದಲ್ಲಿ ಸಿಗುವುದು ಐದೇ ಬಿಂದು. ಗೆರೆಗೂ ಹಿನ್ನೆಲೆಗೂ ಬೆಳಕಿನಲ್ಲಿ ವ್ಯತ್ಯಾಸವಿಲ್ಲದೆ ಬಣ್ಣದಲ್ಲಿ ಮಾತ್ರ ವ್ಯತ್ಯಾಸವಿದ್ದರೆ ಆ ಗೆರೆ ಉಳಿಯದು. ಎಚ್‌ಡಿ ವಿಡಿಯೋದ ಸೂತ್ರದಲ್ಲಿ ಬೆಳಕಿನ ಲೆಕ್ಕಕ್ಕೆ ಹಸಿರಿನ ಪಾಲು ಶೇಕಡಾ 72ರಷ್ಟು, ಕೆಂಪಿನದು 21, ನೀಲಿಯದು ಕೇವಲ 7. ಕಪ್ಪು ಹಿನ್ನೆಲೆಯ ಮೇಲೆ ಕಡುನೀಲಿ, ಬಿಳಿಯ ಮೇಲೆ ಕೆಂಪು ಹಸಿರು ಸೇರಿದ ಹಳದಿ ಕಾಣದಾಗುವುದು ಇದರಿಂದಲೇ. ಕಪ್ಪು ಹಿನ್ನೆಲೆಯಲ್ಲಿ ಸಮೀಕರಣಕ್ಕೆ ಬಿಳಿ, ಹೊಸದಾಗಿ ಕೂಡಿದ 9ಕ್ಕೂ ಚಿತ್ರದ ಮೂಲೆಯ ಚೌಕಕ್ಕೂ ಒಂದೇ ಹಳದಿ ಇಟ್ಟರೆ, ಇವೆರಡೂ ಒಂದೇ ಎಂಬುದು ಮಾತಿಲ್ಲದೆ ತಿಳಿಯುತ್ತದೆ.

ರೆಕಾರ್ಡಿಂಗನ್ನು OBS Studio ತರಹದ ಉಚಿತ ತಂತ್ರಾಂಶದಲ್ಲಿ 1920 × 1080, ಸೆಕೆಂಡಿಗೆ 30 ಚೌಕಟ್ಟಿನಂತೆ ಮಾಡಿದರೆ ಸಾಕು. ಮೈಕ್ ಮೇಜಿನ ಮೇಲಿದ್ದರೆ ಪೆನ್ನಿನ ಪ್ರತಿ ತಾಗುವಿಕೆಯೂ ಮರದ ಮೂಲಕ ಅದನ್ನು ಮುಟ್ಟುತ್ತದೆ. ಟ್ಯಾಬ್ಲೆಟ್ಟಿನ ಕೆಳಗೊಂದು ದಪ್ಪ ಬಟ್ಟೆ ಮಡಿಸಿಟ್ಟರೆ ಆ ಟಕಟಕ ಬಹುಪಾಲು ಅಡಗುತ್ತದೆ. ವಿಂಡೋಸ್‌ನಲ್ಲಿ ಬರೆಯಲು ಶುರುಮಾಡಿದೊಡನೆ ಪೆನ್ನಿನ ಸುತ್ತ ಉಂಗುರ ಮೂಡಿ ಗೆರೆಯ ಮೊದಲ ತುಣುಕು ತಡೆದರೆ, ಪೆನ್ ಒತ್ತಿ ಹಿಡಿಯುವುದನ್ನು ಮೌಸಿನ ಬಲ ಕ್ಲಿಕ್ ಎಂದು ಪರಿಗಣಿಸುವ ಆಯ್ಕೆ ಚಾಲೂ ಇದೆಯೆಂದು ಅರ್ಥ, ಅದನ್ನು ಆಫ್ ಮಾಡಬೇಕು.

ಇಡೀ ಪಾಠ ಬರೆಯುವ ಮುನ್ನ ಐದನೆಯ ಸಾಲನ್ನೊಮ್ಮೆ ಬರೆದು, ಅರ್ಧ ನಿಮಿಷದ ತುಣುಕನ್ನು ಖಾಸಗಿಯಾಗಿ ಅಪ್‌ಲೋಡ್ ಮಾಡಿ, ಮೊಬೈಲಿನಲ್ಲಿ 360p ಆರಿಸಿ ನೋಡಬೇಕು. ± ಚಿಹ್ನೆಯ ಕೆಳಗೆರೆ ಮೇಲಿನ ಕೂಡು ಚಿಹ್ನೆಗೆ ಅಂಟಿಕೊಂಡು +4 ಎಂದಷ್ಟೇ ಕಂಡರೆ −7 ಎಂಬ ಎರಡನೆಯ ಮೂಲ ಎಲ್ಲಿಂದ ಬಂತೆಂದು ವಿದ್ಯಾರ್ಥಿಗೆ ತಿಳಿಯುವುದೇ ಇಲ್ಲ. ಆಗ ಗೆರೆಯನ್ನು ದಪ್ಪಗೊಳಿಸುವುದರಿಂದ ಅಂಟು ಇನ್ನಷ್ಟು ಹೆಚ್ಚುತ್ತದೆ, ಚಿಹ್ನೆಯನ್ನೇ ದೊಡ್ಡದಾಗಿ, ಎರಡು ಗೆರೆಗಳ ನಡುವೆ ಪೆನ್ನಿನ ಎರಡು ದಪ್ಪದಷ್ಟಾದರೂ ಜಾಗ ಬಿಟ್ಟು ಬರೆಯಬೇಕಾಗುತ್ತದೆ.