ಬಿಳಿ ಪಂಚೆಗೆ ನೀಲಿ ಎಷ್ಟು ಬೇಕು?

ಮುಂಬೈಯ ಮಾಟುಂಗದ ನಮ್ಮ ಲಾಂಡ್ರಿಗೆ ಬಿಳಿ ಬಟ್ಟೆ ಬಹಳ ಬರುತ್ತದೆ. ಹೋಟೆಲಿನವರ ಅಂಗಿ, ಪೂಜೆಗೆ ಉಡುವ ಪಂಚೆ. ಮೊನ್ನೆ ಒಬ್ಬರು ತಂದ ಹತ್ತಿ ಅಂಗಿಗಳ ಕಾಲರ್ ಹಳದಿ, ಎದೆಯ ಮೇಲೆ ನೀಲಿ ಮಚ್ಚೆ. "ಎರಡು ಮುಚ್ಚಳ ಜಾಸ್ತಿ ಹಾಕಿದೆ ಮಾರಾಯ್ರೆ, ಆದ್ರೂ ಹಳದಿ ಹೋಗ್ಲಿಲ್ಲ" ಅಂದರು.

ಹೋಗುವುದೂ ಇಲ್ಲ. ನೀಲಿ ಕೊಳೆ ತೆಗೆಯುವುದಿಲ್ಲ, ಹಳದಿ ಛಾಯೆಯನ್ನು ಕಣ್ಣಿಗೆ ಮರೆಸುತ್ತದೆ ಅಷ್ಟೆ. ಕಾಲರಿನಲ್ಲಿದ್ದದ್ದು ಮೈ ಜಿಡ್ಡು. ಅದರ ಮೇಲೆ ನೀಲಿ ಸುರಿದರೆ ಬಟ್ಟೆ ಬೂದುಬಣ್ಣಕ್ಕೆ ತಿರುಗುತ್ತದೆ.

ಆ ಅಂಗಿಗಳ ಕಾಲರಿಗೆ ಮೊದಲು ಪಾತ್ರೆ ತೊಳೆಯುವ ದ್ರವ ಸವರಿ ಅರ್ಧ ಗಂಟೆ ಬಿಟ್ಟೆವು. ಆಮೇಲೆ ಕೈ ತಾಳುವಷ್ಟು ಬಿಸಿಯ 5 ಲೀಟರ್ ನೀರಿಗೆ ಡಿಟರ್ಜೆಂಟ್ ಜೊತೆ 2 ದೊಡ್ಡ ಚಮಚ ಆಕ್ಸಿಜನ್ ಬ್ಲೀಚ್, ಅಂದರೆ ಸೋಡಿಯಂ ಪರ್ಕಾರ್ಬೊನೇಟ್ ಪುಡಿ, ಕರಗಿಸಿ ಎರಡು ಗಂಟೆ ನೆನೆಸಿದೆವು. ತಣ್ಣೀರಿನಲ್ಲಿ ಈ ಪುಡಿ ಅರೆಬರೆ ಕೆಲಸ ಮಾಡುತ್ತದೆ. ಹಳದಿ ಹೋಯಿತು, ನೀಲಿ ಮಚ್ಚೆಗೆ ಇನ್ನೊಂದು ಒಗೆತ ಬೇಕಾಯಿತು. ರೇಷ್ಮೆ ಮಡಿಗೆ ಮಾತ್ರ ಈ ಉಪಾಯ ಬೇಡ, ನೀಲಿಯೂ ಬೇಡ. ಹಲವು ದ್ರವ ನೀಲಿಗಳ ಬಣ್ಣ ಹತ್ತಿಗಿಂತ ರೇಷ್ಮೆ, ನೈಲಾನುಗಳನ್ನೇ ಗಟ್ಟಿಯಾಗಿ ಹಿಡಿಯುತ್ತದೆ.

ಈಗಿನ ಹೆಚ್ಚಿನ ಡಿಟರ್ಜೆಂಟ್ ಪುಡಿಗಳಲ್ಲಿ ಬಿಸಿಲಿನ ಅತಿನೇರಳೆ ಕಿರಣ ಹೀರಿ ನೀಲಿ ಬೆಳಕು ಬೀರುವ ಪದಾರ್ಥ ಇದ್ದೇ ಇರುತ್ತದೆ. ಹಾಗಾಗಿ ಹೊಸ ಬಿಳಿ ಬಟ್ಟೆಗೆ ನೀಲಿ ದಂಡ. ಹಳೆಯ ಹತ್ತಿ ಪಂಚೆಗೆ ಹಾಕಲೇಬೇಕೆಂದರೆ ಕೊನೆಯ ಜಾಲಿಸುವ ನೀರಿಗೆ ಕೆಲವೇ ಹನಿ ಬೆರೆಸಿ, ಕಲಕಿ, ಆಮೇಲೆ ಬಟ್ಟೆ ಬಿಡಿಸಿ ಅದ್ದಿ ತಕ್ಷಣ ತೆಗೆಯಿರಿ. ಮಚ್ಚೆ ಬೀಳುವುದು ಬಟ್ಟೆಯ ಮೇಲೆ ನೇರ ಸುರಿದಾಗ.

ಕ್ಲೋರಿನ್ ಬ್ಲೀಚ್ ಬಗ್ಗೆ ಒಂದು ಎಚ್ಚರಿಕೆ. ನಲ್ಲಿಯಲ್ಲಿ ಬರುವ ನಗರದ ಕೆರೆ ನೀರಿಗೆ ತೊಂದರೆಯಿಲ್ಲ. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಬ್ಲೀಚ್ ಅದನ್ನು ತುಕ್ಕಾಗಿಸಿ ಬಟ್ಟೆಗೆ ಹತ್ತಿಸುತ್ತದೆ. ಬಿಳಿ ಮಾಡಲು ಹೋಗಿ ಹಳದಿಯಾದರೆ ಬ್ಲೀಚ್ ಹೆಚ್ಚಿಸದೆ ನೀರನ್ನೇ ಅನುಮಾನಿಸಿ.

ಬಿಳಿ ಬಟ್ಟೆಯನ್ನು ಬಣ್ಣದ ಬಟ್ಟೆ ಜೊತೆ ಒಗೆಯುವಾಗ ಹಾಕುವ ಕಲರ್ ಕ್ಯಾಚರ್ ಹಾಳೆ, ಬಟ್ಟೆ ನೀರಿಗೆ ಬಿಟ್ಟ ಬಣ್ಣವನ್ನು ಹೀರುತ್ತದೆ. ಬಣ್ಣ ಬಿಡುವುದನ್ನು ತಡೆಯುವುದಿಲ್ಲ, ಮೊದಲೇ ಹತ್ತಿದ್ದನ್ನು ತೆಗೆಯುವುದೂ ಇಲ್ಲ. ಹೊಸ ಕೆಂಪು ಕುರ್ತಾದ ಒಳಹೊಲಿಗೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ಇಸ್ತ್ರಿ ಮಾಡಿ ನೋಡಿ: ಬಣ್ಣ ಹತ್ತಿದರೆ ಹಾಳೆ ನಂಬಬೇಡಿ, ಬೇರೆ ಒಗೆಯಿರಿ. ಹತ್ತದಿದ್ದರೆ ಹಾಳೆಯೇ ಬೇಡ.